ಹುಬ್ಬಿನ ಗಾಯ ಯಾವ ಕಡೆ

ನಮ್ಮ ಸ್ಟುಡಿಯೋದಲ್ಲಿ ಫೋಟೋ ತಿದ್ದುವವಳಿಗೆ ಎಲ್ಲರೂ ನೆರಳಕ್ಕ ಅನ್ನುತ್ತೇವೆ. ಗುಂಪು ಫೋಟೋಗೆ ಬಾರದವರನ್ನು ಸೇರಿಸುವಾಗ ಅವಳು ಮೊದಲು ನೋಡುವುದು ಮುಖವನ್ನಲ್ಲ, ನೆರಳು ಯಾವ ಕಡೆ ಬಿದ್ದಿದೆ ಅನ್ನುವುದನ್ನು. ಕೌಂಟರಿನಲ್ಲಿ ಕೂರುವ ನನಗೆ ಅವಳ ಜಂಬ ಕಂಡರೆ ಮೈ ಉರಿಯುತ್ತದೆ. ಕೆಲಸ ಕಂಡರೆ ಮಾತೇ ಹೊರಡುವುದಿಲ್ಲ.

ಮೊನ್ನೆ ಒಬ್ಬ ಹೆಂಗಸು ಬಂದಳು. ಅಪ್ಪನಿಗೆ ಎಂಬತ್ತು ತುಂಬಿದಾಗ ತೆಗೆಸಿದ ಮನೆಯವರ ಗುಂಪು ಫೋಟೋ ತಂದಿದ್ದಳು. ಹಡಗಿನಲ್ಲಿ ಕೆಲಸ ಮಾಡುವ ಅಣ್ಣನಿಗೆ ಮಾತ್ರ ಬರಲಾಗಿರಲಿಲ್ಲ. ಅಪ್ಪನಿಗೆ ಮರೆವು. "ದೊಡ್ಡವನು ಬರಲಿಲ್ವಾ?" ಅಂತ ದಿನಕ್ಕೆ ಹತ್ತು ಸಲ ಕೇಳಿ ತಟ್ಟೆ ದೂರ ತಳ್ಳುತ್ತಾರಂತೆ.

"ಬಂದಿದ್ದ ಅಂತ ಅಪ್ಪ ನಂಬಿದ್ರೆ ಸಾಕು. ಎರಡು ತುತ್ತಾದ್ರೂ ತಿಂತಾರೆ" ಅಂದಳು.

ಗುಂಪಿಗೆ ಬೆಳಕು ಬಲಗಡೆಯ ಕಿಟಕಿಯಿಂದ ಬಿದ್ದಿತ್ತು, ಅವಳು ಕೊಟ್ಟುಹೋದ ಅಣ್ಣನ ಒಂಟಿ ಫೋಟೋದಲ್ಲಿ ಮುಖಕ್ಕೆ ಎಡದಿಂದ. ನೆರಳಕ್ಕ ಅವನನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದಳು. ಅಂಗಿಯ ಜೇಬು, ಗುಂಡಿಪಟ್ಟಿ ಬಲಕ್ಕೆ ಹೋದವು, ಅವನ್ನು ಮತ್ತೆ ಎಡಕ್ಕೆ ತಂದಳು. ಕಾಲು ಕಾಣದ ಹಾಗೆ ಅಪ್ಪನ ಕುರ್ಚಿಯ ಹಿಂದೆ ನಿಲ್ಲಿಸಿ, ತಲೆಯ ಅಳತೆಯನ್ನು ಪಕ್ಕದ ತಮ್ಮನ ತಲೆಗೆ ಹೊಂದಿಸಿದಳು. ಫೋಟೋದ ಮಸುಕೂ ಬಣ್ಣವೂ ಒಂದೇ ಆದವು. ಕೊನೆಗೆ ತಮ್ಮನ ಭುಜದ ಮೇಲೆ ಅಣ್ಣನ ತೆಳು ನೆರಳು. ನನಗಂತೂ ಹುಳುಕು ಸಿಗಲಿಲ್ಲ.

ಪ್ರಿಂಟ್ ಒಯ್ಯಲು ಮಗಳು ಅಪ್ಪನನ್ನೂ ಕರೆದುಕೊಂಡೇ ಬಂದಳು, ಒಬ್ಬರನ್ನೇ ಬಿಟ್ಟು ಬರುವ ಹಾಗಿಲ್ಲವಲ್ಲ. ಮುದುಕರು ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದರು. ನಾವು ಮೂವರೂ ಅವರನ್ನೇ ನೋಡುತ್ತಾ ನಿಂತೆವು.

"ಇವನು ನನ್ನ ಮಗ ಅಲ್ಲ."

"ಅಪ್ಪಾ, ಅಣ್ಣಾನೇ. ಸರಿಯಾಗಿ ನೋಡಿ."

"ಹುಬ್ಬಿನ ಗಾಯ ಎಡಗಡೆ ಇರ್ಬೇಕು. ಇಲ್ಲಿ ಬಲಗಡೆ ಇದೆ. ನಾನೇ ಹೊಡೆದದ್ದು, ನನಗೆ ಗೊತ್ತಿಲ್ವಾ?"

ಮಗಳ ಮುಖ ಬಿಳಿಚಿತು. ಜೇಬು ನೆನಪಿಟ್ಟ ನೆರಳಕ್ಕ ಹುಬ್ಬನ್ನು ಮರೆತಿದ್ದಳು! ಇನ್ನೊಂದು ದಿನವಾಗಿದ್ದರೆ ನನಗೆ ಖುಷಿಯಾಗುತ್ತಿತ್ತೇನೋ. ಅವತ್ತು ಆಗಲಿಲ್ಲ.

"ಐದು ನಿಮಿಷ ಕೂತ್ಕೊಳ್ಳಿ ತಾತ, ತಪ್ಪು ನನ್ನದು, ಸರಿ ಮಾಡಿಕೊಡ್ತೀನಿ" ಅಂತ ನೆರಳಕ್ಕ ಒಳಗೋಡಿದಳು. ಮುದುಕರು ಕೂರಲಿಲ್ಲ, ಅವಳ ಬೆನ್ನ ಹಿಂದೆಯೇ ಹೋಗಿ ನಿಂತರು. ನಾನೂ ಮಗಳೂ ಹಿಂದೆಯೇ ಹೋದೆವು. ಪರದೆಯ ಮೇಲೆ ಮಗನ ಮುಖ ದೊಡ್ಡದಾಯಿತು. ಬಲ ಹುಬ್ಬಿನ ಗಾಯದ ಮೇಲೆ ಪಕ್ಕದ ಕೂದಲನ್ನೇ ತಂದು ಕೂರಿಸಿದಳು. ಗಾಯ ಹೋಯಿತು. ಇನ್ನು ಎಡಗಡೆ ಇಡಬೇಕು.

ಮುದುಕರು ಅವಳ ಕೈ ಹಿಡಿದರು.

"ಬರಲಿಲ್ಲ ಅವನು, ಅಲ್ವಾ?"

ಮಗಳು ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು.

"ಇನ್ನೇನೂ ಮಾಡ್ಬೇಡಮ್ಮ, ಹೀಗೇ ಕೊಡು" ಅಂದರು. "ನಾನು ಹೊಡೆಯೋಕೆ ಮುಂಚೆ ಹೀಗೇ ಇದ್ದ."