ಸಂಡಿಗೆಯ ತಾರಸಿಯಲ್ಲಿ ಒಡೆದ ಪೈಪ್

ಕಳೆದ ಏಪ್ರಿಲ್‌ನ ಮೊದಲ ಭಾನುವಾರ, ಬೆಳಿಗ್ಗೆ ಏಳೂವರೆಗೆ, ತ್ರಿಪ್ಪುಣಿತ್ತುರದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ನೀರಿನ ಪೈಪ್ ಬಿರುಕು ಬಿಟ್ಟಿತು. ಸಂಡಿಗೆ ಹಾಕಲು ಸೀರೆ ಹಾಸುವಾಗ ಅದನ್ನು ತುಳಿದವಳು ನಾನು. ಬಿಸಿಲಿಗೆ ಬೆಳ್ಳಗಾಗಿದ್ದ ಪ್ಲಾಸ್ಟಿಕ್ ಪಟ್ ಎಂದಿತು.

ಕೆಳಗೆ ಮಾಲೀಕರ ಮನೆಯಲ್ಲಿ ಅಂದು ಮೊಮ್ಮಗಳು ಹುಟ್ಟಿ ಇಪ್ಪತ್ತೆಂಟನೇ ದಿನ, ಮಗುವಿನ ಸೊಂಟಕ್ಕೆ ನೂಲು ಕಟ್ಟುವ ಶಾಸ್ತ್ರ. ಹನ್ನೊಂದಕ್ಕೆ ಅರವತ್ತು ಜನ ಬರುವವರಿದ್ದರು. ಟ್ಯಾಂಕಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದೆ. ಎರಡು ನಿಮಿಷಕ್ಕೆ ಮೆಟ್ಟಿಲ ಬುಡದಿಂದ, ನೀರಿಲ್ಲವೆಂದು ಮಾಲೀಕರ ಹೆಂಡತಿಯ ಕೂಗು.

"ಮೋಳೇ! ವೆಳ್ಳಂ ಇಲ್ಲಲ್ಲೋ!"

"ಪೈಪ್ ಪೊಟ್ಟಿ, ಚೇಚಿ. ಇಪ್ಪೋ ಶರಿಯಾಕ್ಕಾಂ" ಎಂದೆ. ಪೈಪ್ ಒಡೆದಿದೆ ಅಕ್ಕಾ, ಈಗ ಸರಿಮಾಡುತ್ತೇವೆ ಎಂದಷ್ಟೇ; ಯಾರಿಂದ ಒಡೆಯಿತು ಎಂದು ಹೇಳಲಿಲ್ಲ.

ಪ್ಲಂಬರ್ ಫೋನ್ ಎತ್ತಲಿಲ್ಲ. ನನ್ನ ಗಂಡ ಕಾರಿನ ಸಲಕರಣೆ ಡಬ್ಬಿಯಿಂದ ಎಪಾಕ್ಸಿ ಪುಟ್ಟಿ ತಂದರು. ಪೈಪ್ ಒರೆಸಿ, ಮರಳು ಕಾಗದದಿಂದ ಉಜ್ಜಿ, ಪುಟ್ಟಿಯ ಎರಡು ಬಣ್ಣ ಒಂದಾಗುವವರೆಗೆ ನಾದಿ, ಬಿರುಕಿನ ಮೇಲೆ ಒತ್ತಿದರು. ಒಂದು ಗಂಟೆ ಮುಟ್ಟಬಾರದೆಂದು ಪೊಟ್ಟಣದಲ್ಲಿತ್ತು. ಐದು ನಿಮಿಷಕ್ಕೊಮ್ಮೆ ಮುಟ್ಟಿದರು.

"ಗಟ್ಟಿಯಾಗಲಿಕ್ಕೆ ಬಿಡಿ ಮಾರಾಯ್ರೇ."

"ನೀನು ತುಳಿಯದಿದ್ರೆ ನಾನು ಮುಟ್ಟುವ ಕೆಲಸವೇ ಇರ್ತಿರ್ಲಿಲ್ಲ."

ಕೆಳಗೆ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ನಾನು ಮೆಟ್ಟಿಲು ಇಳಿದೆ, ಹತ್ತಿದೆ, ಮತ್ತೆ ಇಳಿದೆ. ಒಂಬತ್ತೂಕಾಲಿಗೆ ವಾಲ್ವ್ ತೆರೆದೆವು. ಪುಟ್ಟಿ ಇಡಿಯಾಗಿ ಎದ್ದು ಜಾರಿತು. ಅದರ ತಳ ಒದ್ದೆಯಿತ್ತು. ಹಳೆಯ ವಾಲ್ವ್ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಅಷ್ಟು ಹೊತ್ತೂ ಒಳಗಿನಿಂದ ನೀರು ಜಿನುಗುತ್ತಿತ್ತು.

ಆಗ ಮಾಲೀಕರೇ ಮೇಲೆ ಬಂದರು. ಹೊಸ ಮುಂಡು ಉಟ್ಟಿದ್ದರು. ಪುಟ್ಟಿಯ ಉಂಡೆ ನೋಡಿ, "ಇದೆಂದಾ, ಉಣ್ಣಿಯಪ್ಪಮೋ?" ಎಂದು ಸಿಹಿ ಅಪ್ಪಕ್ಕೆ ಹೋಲಿಸಿ ಕೆಳಗಿಳಿದು ಹೋದವರು, ಹಳೆಯ ಪಂಪಿನ ಹೋಸಿನಿಂದ ಬಿಚ್ಚಿದ ಎರಡು ಸ್ಟೀಲ್ ಕ್ಲಾಂಪ್, ಸೈಕಲ್ ಟ್ಯೂಬಿನ ತುಂಡು ಹಿಡಿದು ಬಂದರು. ಒದ್ದೆ ಪೈಪಿಗೆ ಪುಟ್ಟಿ ಅಂಟದು, ರಬ್ಬರ್ ಆದೀತು. ಬಿರುಕು ಪೂರ್ತಿ ಮುಚ್ಚುವಂತೆ ಟ್ಯೂಬನ್ನು ಎಳೆದು ಸುತ್ತಿ, ಕ್ಲಾಂಪ್‌ಗಳನ್ನು ಬಿರುಕಿನ ಮೇಲೆಯೇ ಅಕ್ಕಪಕ್ಕ ಕೂರಿಸಿದೆವು. ಗಂಡ ಸ್ಕ್ರೂಡ್ರೈವರ್ ಹಿಡಿದು ಬಿಗಿಯತೊಡಗಿದರು.

"ಮದಿ, ಮದಿ! ಪ್ಲಾಸ್ಟಿಕ್ ಆಣ್" ಎಂದು, ಸಾಕೆನ್ನುತ್ತ ಮಾಲೀಕರು ತಡೆದರು. ಬಿಗಿ ಹೆಚ್ಚಾದರೆ ಬಿರುಕು ಇನ್ನೂ ಉದ್ದವಾಗುತ್ತದೆ. ವಾಲ್ವನ್ನು ಸ್ವಲ್ಪ ತೆರೆದು, ಸೋರುವುದನ್ನು ನೋಡುತ್ತ, ಗಂಡ ಸ್ಕ್ರೂವನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ತಿರುಗಿಸಿದರು. ಧಾರೆ ಹನಿಯಾಯಿತು. ಅಲ್ಲಿಗೆ ನಿಲ್ಲಿಸಿ, ಪೈಪಿನ ಕೆಳಗೆ ಬಕೆಟ್ ಇಟ್ಟೆವು. ಗಂಟೆ ಹತ್ತಾಗಿತ್ತು. ಕೆಳಗಿನ ನಲ್ಲಿಯಲ್ಲಿ ಮೊದಲು ಗಾಳಿ ಕೆಮ್ಮಿತು, ಆಮೇಲೆ ನೀರು ಬಂತು.

ಚೇಚಿಗೆ ಆಗ ಹೇಳಿದೆ, ತುಳಿದದ್ದು ನಾನೇ ಎಂದು.

"ಅರಿಯಾಂ ಮೋಳೇ. ಪೈಪಿಂಡೆ ಮೇಲೆ ನಿಂಡೆ ಸಾರಿ ಅಲ್ಲೇ ಕಿಡಕ್ಕುನ್ನದ್?" ಗೊತ್ತು ಮಗಳೇ, ಪೈಪಿನ ಮೇಲೆ ಬಿದ್ದಿರುವುದು ನಿನ್ನ ಸೀರೆಯೇ ಅಲ್ಲವಾ ಎಂದು ಕೇಳಿ ಚೇಚಿ ಅಕ್ಕಿ ತೊಳೆಯಲು ತಿರುಗಿದರು.

ಎರಡೂವರೆಗೆ ಕೊನೆಯ ಪಂಕ್ತಿಯವರು ಕೈ ತೊಳೆದರು. ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರಿತ್ತು. ಸೋಮವಾರ ಸಂಜೆ ಪ್ಲಂಬರ್ ಬಂದು, ಒಂದಡಿ ಪೈಪ್ ಕತ್ತರಿಸಿ ತೆಗೆದು, ಎರಡು ಕಪ್ಲಿಂಗ್ ಅಂಟಿಸಿ ಹೊಸ ತುಂಡು ಕೂರಿಸಿದ.