ಡಬ್ಬಿ ಮುಚ್ಚಳದ ಕ್ಯೂಆರ್

ವಿಜಯವಾಡದ ಬ್ಯಾಂಕಿಗೆ ವರ್ಗವಾಗಿ ಬಂದ ಗುಮಾಸ್ತ ಆದಿತ್ಯನಿಗೆ ಆ ಊರಲ್ಲಿ ಕನ್ನಡ ಮಾತಾಡಲು ಇದ್ದವಳು ಪದ್ಮಕ್ಕ ಒಬ್ಬಳೇ. ದಾವಣಗೆರೆಯಿಂದ ತೆಲುಗರ ಮನೆಗೆ ಸೊಸೆಯಾಗಿ ಬಂದವಳು, ಆಟೋನಗರದ ಗ್ಯಾರೇಜುಗಳಿಗೆ ಊಟದ ಡಬ್ಬಿ ಕಳಿಸುತ್ತಿದ್ದಳು. ಮುಚ್ಚಳಗಳಿಗೆ ಕ್ಯೂಆರ್ ಚೀಟಿ ಅಂಟಿಸಿಕೊಟ್ಟವನು ಆದಿತ್ಯನೇ. ಉಂಡವರು ಸ್ಕ್ಯಾನ್ ಮಾಡಿ ಹಣ ಹಾಕಿ, ವಾಟ್ಸಾಪಿನಲ್ಲಿ ಸ್ಕ್ರೀನ್‌ಶಾಟ್ ಕಳಿಸುತ್ತಿದ್ದರು. ಪ್ರತಿಯೊಂದಕ್ಕೂ ಅವಳ ಫೋನು: “ದುಡ್ಡು ಬಂತೇನು, ನೋಡು ತಮ್ಮಾ.”

ಅವಳದೇ ಫೋನಿನಲ್ಲಿ ಖಾತೆ ನೋಡುವುದನ್ನು ಕಲಿಸಲು ಹತ್ತು ನಿಮಿಷ ಸಾಕಿತ್ತು. ಆದರೆ ತಾನಿಲ್ಲದಿದ್ದರೆ ಬ್ಯಾಂಕೇ ಮುಳುಗುತ್ತದೆ ಎಂದುಕೊಂಡಿದ್ದ ಮಹಾಶಯ, “ಸ್ಕ್ರೀನ್‌ಶಾಟ್ ಬಂದ್ರೆ ದುಡ್ಡು ಬಂದಂಗೇ ಅಕ್ಕ” ಎಂದುಬಿಟ್ಟ.

ತಿಂಗಳ ಕೊನೆಗೆ ಅವಳು ಪಾಸ್‌ಬುಕ್ ತಂದಾಗ, ಒಂದೇ ಗ್ಯಾರೇಜಿನ ಹನ್ನೊಂದು ದಿನದ ಹಣ ಅದರಲ್ಲಿರಲಿಲ್ಲ. ಆ ಗ್ಯಾರೇಜಿನವರು ಕಳಿಸಿದ್ದ ಚಿತ್ರಗಳನ್ನು ಆದಿತ್ಯ ಒಂದೊಂದಾಗಿ ನೋಡಿದ. ತಾರೀಖುಗಳು ಬೇರೆ ಬೇರೆ, ಕೆಳಗಿದ್ದ ಹನ್ನೆರಡಂಕಿಯ ವಹಿವಾಟು ನಂಬರು ಮಾತ್ರ ಎಲ್ಲದರಲ್ಲೂ ಒಂದೇ. ಮೊದಲ ದಿನ ನಿಜವಾಗಿ ಕೊಟ್ಟು, ಆಮೇಲೆ ಅದೇ ಚಿತ್ರವನ್ನು ತಿದ್ದಿ ತಿದ್ದಿ ಕಳಿಸಿದ್ದರು.

“ನೀ ಹೇಳಿದ್ಮೇಲೆ ನಾ ಒಂದನ್ನೂ ತಿರುಗಿ ನೋಡ್ಲಿಲ್ಲ,” ಎಂದಳು ಪದ್ಮಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸಲೀಸಾಗುತ್ತಿತ್ತು.

ಅವತ್ತು ಕಲಿಸಿದ. ಸ್ಕ್ರೀನ್‌ಶಾಟ್ ಏನೇ ಹೇಳಲಿ, ತನ್ನ ಖಾತೆಯಲ್ಲಿ ಜಮೆ ಕಂಡರಷ್ಟೇ ಹಣ ಬಂದಂತೆ. ಅವಳು ಐದೇ ನಿಮಿಷದಲ್ಲಿ ಕಲಿತಳು.

“ಅನುಮಾನ ಬಂದ್ರೆ ಫೋನ್ ಮಾಡಿ ಅಕ್ಕ.”

ಪದ್ಮಕ್ಕ ಫೋನನ್ನು ಚೀಲಕ್ಕಿಳಿಸಿದಳು. “ಪರವಾಲೇದಂಡಿ, ನೇನೇ ಚೂಸುಕುಂಟಾನು,” ಎಂದಳು; ಪರವಾಗಿಲ್ಲ, ನಾನೇ ನೋಡಿಕೊಳ್ಳುತ್ತೇನೆ ಎಂದು, ಬೇರೆ ಕೌಂಟರಿನವರಿಗೆ ಹೇಳುವಂತೆ, ತೆಲುಗಿನಲ್ಲಿ.