ತಿಂದುಬಿಟ್ಟೆ ಅನ್ನುವುದಕ್ಕೆ ಹಿಂದಿಯಲ್ಲಿ

ನನ್ನ ಮೊಮ್ಮಗಳು ಹಿಂದಿಯಲ್ಲಿ ಪಾಸಾಗಿದ್ದಾಳೆ. ನಾನು ಓದಿದ್ದು ನಾಲ್ಕನೇ ಕ್ಲಾಸಾದರೂ ಇದನ್ನು ನಾನೇ ಬರೆದಿಡಬೇಕು ಅನ್ನಿಸಿತು.

ಸೊಸೆಯೂ ಮೊಮ್ಮಗಳೂ ಉಡುಪಿ ಕಡೆಯಿಂದ ಮುಂಬೈಯ ಘಾಟ್ಕೋಪರಿನ ನಮ್ಮ ಮನೆಗೆ ಬಂದು ವರ್ಷವಾಯಿತು. ಊರಿನ ಶಾಲೆಯಲ್ಲಿ ಅವಳು ಕನ್ನಡದಲ್ಲೇ ಕಲಿತವಳು. ಇಲ್ಲಿ ಐದನೇ ಕ್ಲಾಸು. ಬಂದ ಹೊಸತರಲ್ಲಿ ಟೀಚರ್ ಟಿಫಿನ್ ಆಯಿತಾ ಎಂದು ಕೇಳಿದರಂತೆ. ಇವಳು ಎದ್ದು ನಿಂತು, ತಿಂದುಬಿಟ್ಟೆ ಅನ್ನಲು ಹೋಗಿ, "ಮೈಂನೇ ಟಿಫಿನ್ ಖಾ ದಿಯಾ" ಅಂದಳಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಅಂದಿನಿಂದ ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ವರ್ಷದ ಕೊನೆಗೆ ಹಿಂದಿ ಒಂದರಲ್ಲಿ ಫೇಲು. ಇನ್ನೊಮ್ಮೆ ಪರೀಕ್ಷೆ ಇಡುತ್ತೇವೆ, ಅದರಲ್ಲೂ ಹೋದರೆ ಅದೇ ಕ್ಲಾಸಿನಲ್ಲಿ ಕೂರಬೇಕು ಎಂದರು. ಹುಡುಗಿ ಊಟ ಬಿಟ್ಟಳು.

ಆ ತಪ್ಪು ನನಗೆ ಹೊಸದಲ್ಲ. ಮಾಟುಂಗದ ಹೋಟೆಲಿಗೆ ಅಡುಗೆಗೆ ಸೇರಿದ ವರ್ಷ ನಾನೂ "ಚಾಯ್ ಪೀ ದಿಯಾ" ಅಂದು ನಗೆಪಾಟಲಾದವನು. ನಾವು ತಿಂದುಬಿಟ್ಟೆ, ಕುಡಿದುಬಿಟ್ಟೆ, ಕೊಟ್ಟುಬಿಟ್ಟೆ, ಎಲ್ಲದಕ್ಕೂ ಒಂದೇ 'ಬಿಟ್ಟೆ' ಹಚ್ಚುವ ಜನ. ಹಿಂದಿಯವರು ಹಾಗಲ್ಲ, ಕೊಟ್ಟದ್ದಕ್ಕೆ ದೇ ದಿಯಾ ಅಂದರೂ ತಿಂದದ್ದಕ್ಕೆ ಖಾ ಲಿಯಾ, ಕುಡಿದದ್ದಕ್ಕೆ ಪೀ ಲಿಯಾ ಅನ್ನುತ್ತಾರೆ.

ಅವಳ ಪುಸ್ತಕದಲ್ಲಿ ಖಾಲಿ ಜಾಗ ತುಂಬುವ ಪ್ರಶ್ನೆಗಳಿದ್ದವು. 'ಮೈಂನೇ ದೂಧ್ ಪೀ', ಮುಂದೆ ಗೆರೆ. ದಿಯಾ ಬರೆಯಬೇಕೋ ಲಿಯಾ ಬರೆಯಬೇಕೋ?

"ಅಜ್ಜ, ದೇನಾ ಅಂದ್ರೆ ಕೊಡೂದು. ಲೇನಾ ಅಂದ್ರೆ ತಕೊಳ್ಳೂದು. ಹಾಲು ಕುಡಿಯೂದ್ರಲ್ಲಿ ಯಾರಿಗೆ ಎಂತ ಕೊಡ್ಲಿಕ್ಕುಂಟು?"

"ಅದೇ ಮಗಾ! ಕೊಡ್ಲಿಕ್ಕಿಲ್ಲ, ಹಾಗಾಗಿ ಲಿಯಾ. ನೋಡು, ಹೋಟೆಲಿಗೆ ಬಂದ ಗಿರಾಕಿ ಇಡ್ಲಿ ಬಾಂಧ್ ದೋ ಅಂತಾನೆ. ಕಟ್ಟಿ ಕೊಡು. ಕಟ್ಟಿದ್ದು ಗಲ್ಲಾ ದಾಟಿ ಅವನ ಕೈಗೆ ಹೋಯ್ತು, ದೇನಾ. ನನ್ನ ಹೊಟ್ಟೆಗೆ, ನನ್ನ ಕಡೆಗೇ ಬಂತಾ, ಲೇನಾ. ನಮ್ಮಲ್ಲೂ ಹಾಗೇ ಅಲ್ವಾ? ಬರೆದುಕೊಡು, ಬರೆದುಕೋ."

ಅವಳ ಮುಖ ಅರಳಿತು. 'ಮಾಂ ನೇ ಬಚ್ಚೇ ಕೋ ಕಪಡೇ ಪಹನಾ', ಗೆರೆ. ತಾಯಿ ಮಗುವಿಗೆ ತೊಡಿಸಿದ್ದು, ಬಟ್ಟೆ ಹಲವು, ಹಾಗಾಗಿ ದಿಯೇ. 'ಮೈಂನೇ ಪಾಠ್ ಯಾದ್ ಕರ್', ಗೆರೆ. ಕಲಿತದ್ದು ನನ್ನ ತಲೆಗೆ, ಲಿಯಾ. ಪುಟಕ್ಕೆ ಪುಟ ಸರಿ. ನಾನು ಪಂಡಿತನಾದೆ ಅಂದುಕೊಂಡೆ.

ಆಮೇಲೆ ಬಂತು, 'ಡಾಂಟ್ ಸುನ್‌ಕರ್ ಬಚ್ಚೀ ರೋ', ಗೆರೆ. ಬೈಗಳು ಕೇಳಿ ಹುಡುಗಿ ಅತ್ತಳು. ಅತ್ತವಳು ಹುಡುಗಿಯಾದ್ದರಿಂದ ಲಿಯಾದ ಬದಲು ಅವಳು ಲೀ ಬರೆದಳು. ಹಿಂದೆ ಉತ್ತರ ನೋಡಿದರೆ ದೀ.

"ಅತ್ತದ್ದು ಯಾರಿಗೆ ಕೊಟ್ಟದ್ದಜ್ಜ?"

ಪೆನ್ಸಿಲ್ ಕೆಳಗಿಟ್ಟಳು. ಅವಳ ಕಣ್ಣಲ್ಲಿ ಮತ್ತೆ ಆ ಹೆದರಿಕೆ.

ನಾನು ಕೆಳಗಿಳಿದು ನಮ್ಮ ಬಿಲ್ಡಿಂಗಿನ ವಾಚ್‌ಮನ್ ಹತ್ತಿರ ಹೋದೆ. ಅವನು ಯು.ಪಿ.ಯವನು, ಹಿಂದಿ ಅವನ ತಾಯಿಮಾತು. "ಪೋತೀ ಪರೀಕ್ಷಾ ಲೇನೇವಾಲೀ ಹೈ" ಅಂತ ಶುರು ಮಾಡಿದ್ದೇ ತಡ, ಅವನು ಕೈಮುಗಿದ.

"ಅರೇ ಚಾಚಾ, ಪರೀಕ್ಷಾ ತೋ ಮಾಸ್ಟರ್ ಲೇತಾ ಹೈ! ಬಚ್ಚೀ ದೇತೀ ಹೈ. ಪೋತೀ ಕಬ್ ಸೇ ಮಾಸ್ಟರ್ ಬನ್ ಗಯೀ?"

ಪರೀಕ್ಷೆ ತೆಗೆದುಕೊಳ್ಳುವವನು ಮೇಷ್ಟರಂತೆ, ಕೊಡುವವಳು ಹುಡುಗಿಯಂತೆ. ಮೊಮ್ಮಗಳು ಯಾವಾಗ ಮೇಷ್ಟರಾದಳು ಅಂತ ಕೇಳಿದ. ಮುಂಬೈಗೆ ಬಂದು ನಲವತ್ತು ವರ್ಷ, ಇದು ತಿಳಿದಿರಲಿಲ್ಲ! ಅಳುವಿನ ಮಾತು ಕೇಳಿದಾಗ ಮಾತ್ರ ಅವನು ನಗಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದ, "ರೋನಾ ಅಪ್ನೇ ಆಪ್ ನಿಕಲ್ ಪಡಾ, ತೋ ರೋ ದಿಯಾ. ಮನ್ ಹಲ್ಕಾ ಕರ್ನೇ ಕೋ ಜೀ ಭರ್ ಕೇ ರೋಯಾ, ತೋ ರೋ ಲಿಯಾ."

ಮೇಲೆ ಬಂದು ಮೊಮ್ಮಗಳಿಗೆ ಹೇಳಿದೆ. ತಡೆಯಲಾರದೆ ಒಳಗಿನದು ಹೊರಗೆ ಬಂದರೆ ದೇನಾ. ನಗುವಿಗೂ ಹಾಗೇ, ಹಂಸ್ ದಿಯಾ. ಮನಸ್ಸು ಹಗುರಾಗಲಿ ಎಂದು ತನಗಾಗಿ ಸಾಕಷ್ಟು ಅತ್ತರೆ ಲೇನಾ. ಅವಳು ಲೀ ಅಳಿಸಿ ದೀ ಬರೆದಳು.

"ಕ್ಲಾಸಲ್ಲಿ ಅವ್ರೆಲ್ಲ ನಕ್ಕದ್ದು, ಹಂಸ್ ದಿಯೇ. ಅಲ್ವಾ ಅಜ್ಜ? ತಡಿಲಿಕ್ಕೆ ಆಗ್ಲಿಲ್ಲ ಅವ್ರಿಗೆ."

"ಹೌದು ಮಗಾ."

"ಬಾತ್ರೂಮಲ್ಲಿ ನಾನು ರೋ ಲೀ."

ಈ ಬಾತ್ರೂಮಿನ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಅವಳ ತಲೆ ಸವರಿದೆ. ವ್ಯಾಕರಣ ಸರಿಯಾಗಿತ್ತು.

ಮೊನ್ನೆ ಫಲಿತಾಂಶ. ಮೆಟ್ಟಿಲು ಹತ್ತುವಾಗಲೇ ಕೂಗಿದಳು, "ಅಜ್ಜಾ, ಪಾಸ್! ಟೀಚರ್ ಕೇಳಿದ್ದಕ್ಕೆ ಎದ್ದು ನಿಂತು ಉತ್ತರವೂ ಹೇಳ್ದೆ!" ನಾನು ಏನೋ ಹೇಳಹೋದೆ, ಕಣ್ಣೀರೇ ಬಂತು. ಅವಳು ನನ್ನ ಮುಖವನ್ನೇ ನೋಡಿ, ಅಡುಗೆಮನೆಯಲ್ಲಿದ್ದ ತಾಯಿಗೆ ಕೇಳುವ ಹಾಗೆ, "ಅಮ್ಮಾ, ಅಜ್ಜ ರೋ ದಿಯೇ!" ಅಂದಳು.

ಅವಳಿಗೆ ಶೀರಾ ಮಾಡಿಕೊಟ್ಟೆ. ಡಾಕ್ಟರು ಸಿಹಿ ಬೇಡವೆಂದಿದ್ದಾರೆ, ಆದರೂ ಒಂದು ಚಮಚ ನಾನೂ ಹಾಕಿಕೊಂಡೆ.